ಮಗುವಿನ ಮದ್ದಿಗೆ ಯಾವ ಅಳತೆ?

ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುವ ಮಕ್ಕಳ ತಾಯ್ತಂದೆಯರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. "ಜ್ವರಕ್ಕೆ ಔಷಧ ಬರೆಯುವಾಗ ಮಗುವಿನ ತೂಕ ನೋಡಿದರೆ ಸಾಕಾಗುತ್ತಿತ್ತು. ಈ ಕಾಯಿಲೆಗೆ ಮಾತ್ರ ಪ್ರತಿಸಲವೂ ಎತ್ತರವನ್ನೇಕೆ ಅಳೆಯುತ್ತೀರಿ, ಡಾಕ್ಟರೆ?" ಪ್ರಶ್ನೆ ಸಹಜವಾದದ್ದು. ಮದ್ದು ಹೊಟ್ಟೆಗೆ ಹೋಗುವುದು. ಅದಕ್ಕೂ ಮಗುವಿನ ಎತ್ತರಕ್ಕೂ ಏನು ಸಂಬಂಧ? ಆ ಸಂಬಂಧವನ್ನು ಈ ಹೊತ್ತು ನಿಮ್ಮ ಮುಂದೆ ಬಿಡಿಸಿ ಹೇಳಬೇಕೆಂದಿದ್ದೇನೆ.

ಒಂದು ಅಚ್ಚು ಬೆಲ್ಲವನ್ನು ನೆನೆಸಿಕೊಳ್ಳಿ. ಅದರ ಆರು ಮುಖಗಳೂ ಸಮನಾದ ಚೌಕಗಳೆಂದು ಭಾವಿಸೋಣ. ಉದ್ದ, ಅಗಲ, ಎತ್ತರ ಮೂರರಲ್ಲಿಯೂ ನಡುವೆ ಸರಿಯಾಗಿ ಕೊಯ್ದರೆ ಎಂಟು ಚಿಕ್ಕ ತುಂಡುಗಳಾಗುತ್ತವೆ. ಬೆಲ್ಲದ ಒಟ್ಟು ತೂಕ ಒಂದು ಗುಲಗಂಜಿಯಷ್ಟೂ ಹೆಚ್ಚಲಿಲ್ಲ, ಕಡಿಮೆಯಾಗಲಿಲ್ಲ. ಆದರೆ ಒಳಗೆ ಅಡಗಿದ್ದ ಮುಖಗಳು ಹೊರಬಿದ್ದುದರಿಂದ ಒಟ್ಟು ಮೇಲ್ಮೈ ಎರಡರಷ್ಟಾಯಿತು. ಬಿಸಿನೀರಿಗೆ ಹಾಕಿದರೆ ಇಡೀ ಅಚ್ಚಿಗಿಂತ ಈ ತುಂಡುಗಳೇ ಬೇಗ ಕರಗುತ್ತವೆ. ವಸ್ತು ಚಿಕ್ಕದಾದಂತೆಲ್ಲ ಅದರ ತೂಕಕ್ಕೆ ಹೋಲಿಸಿದಾಗ ಮೇಲ್ಮೈ ಹೆಚ್ಚಾಗುತ್ತದೆ ಎಂಬುದು ರೇಖಾಗಣಿತದ ನಿಯಮ. ಪ್ರಾಣಿಗಳ ಶರೀರವೂ ಈ ನಿಯಮಕ್ಕೆ ಹೊರತಲ್ಲ. ಆರು ವರ್ಷದ ಮಗು ತೂಕದಲ್ಲಿ ದೊಡ್ಡವರ ಮೂರನೆಯ ಒಂದು ಭಾಗವಿದ್ದರೂ ಮೈಯ ವಿಸ್ತೀರ್ಣದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಿರುತ್ತದೆ.

ಶರೀರ ತನ್ನ ಶಾಖವನ್ನು ಕಳೆದುಕೊಳ್ಳುವುದು ಬಹುಮಟ್ಟಿಗೆ ಮೇಲ್ಮೈಯ ಮೂಲಕ. ಕಳೆದುಕೊಂಡದ್ದನ್ನು ತುಂಬಿಕೊಳ್ಳಲು ಒಳಗಿನ ಒಲೆ ಉರಿಯುತ್ತಲೇ ಇರಬೇಕು. ಜರ್ಮನಿಯ ಶರೀರವಿಜ್ಞಾನಿ ಮ್ಯಾಕ್ಸ್ ರೂಬ್ನರ್ 1883ರಲ್ಲಿ ಚಿಕ್ಕ ದೊಡ್ಡ ನಾಯಿಗಳನ್ನು ಪರೀಕ್ಷಿಸಿ, ತೂಕದ ಲೆಕ್ಕದಲ್ಲಿ ಚಿಕ್ಕ ನಾಯಿ ಹೆಚ್ಚು ಶಾಖವನ್ನು ಉತ್ಪತ್ತಿ ಮಾಡುತ್ತದೆ, ಮೈಯ ವಿಸ್ತೀರ್ಣದ ಲೆಕ್ಕದಲ್ಲಿ ನೋಡಿದರೆ ಎಲ್ಲವೂ ಸರಿಸುಮಾರು ಒಂದೇ ಎಂದು ತೋರಿಸಿದ. ಮುಂದೆ ಬಂದ ವಿಜ್ಞಾನಿಗಳು ಆ ನಿಯಮ ಅಕ್ಷರಶಃ ನಿಜವಲ್ಲವೆಂದು ತಿದ್ದಿದರು. ಆದರೂ ಅದರ ತಿರುಳು ನಮಗೆ ಉಪಯುಕ್ತವಾಗಿಯೇ ಉಳಿದಿದೆ. ಹೃದಯ ನಿಮಿಷಕ್ಕೆ ಹರಿಸುವ ರಕ್ತ, ಮೂತ್ರಪಿಂಡ ಸೋಸುವ ದ್ರವ, ಇವೆಲ್ಲ ತೂಕಕ್ಕಿಂತ ಹೆಚ್ಚಾಗಿ ಮೈಯ ವಿಸ್ತೀರ್ಣವನ್ನು ಹಿಂಬಾಲಿಸುತ್ತವೆ. ಮದ್ದನ್ನು ಶರೀರದಿಂದ ಹೊರಹಾಕುವವರೂ ಈ ಕೆಲಸಗಾರರೇ. ಚರ್ಮಕ್ಕೂ ಮದ್ದಿಗೂ ನೇರವಾದ ನಂಟಿಲ್ಲ. ಒಳಗಿನ ಕೆಲಸದ ವೇಗವನ್ನು ಹೊರಗಿನಿಂದ ಊಹಿಸಲು ಚರ್ಮದ ವಿಸ್ತೀರ್ಣ ಒಂದು ಅನುಕೂಲವಾದ ಗುರುತು, ಅಷ್ಟೆ.

ಕ್ಯಾನ್ಸರಿನ ಔಷಧಗಳಿಗೆ ಈ ಅಳತೆಯನ್ನು ದೃಢಪಡಿಸಿದವರಲ್ಲಿ ಅಮೆರಿಕದ ಮಕ್ಕಳ ವೈದ್ಯ ಡೊನಾಲ್ಡ್ ಪಿಂಕೆಲ್ ಮುಖ್ಯರು. ಇಲಿ, ಹ್ಯಾಮ್‌ಸ್ಟರ್, ಹಸುಗೂಸು, ಮಕ್ಕಳು, ವಯಸ್ಕರು ಇವರಿಗೆಲ್ಲ ರೂಢಿಯಲ್ಲಿ ಕೊಡುತ್ತಿದ್ದ ಕೆಲವು ಔಷಧಗಳ ಪ್ರಮಾಣಗಳನ್ನು ಅವರು 1958ರಲ್ಲಿ ಒಟ್ಟಿಗಿಟ್ಟು ನೋಡಿದರು. ಕಿಲೋಗ್ರಾಂ ಲೆಕ್ಕದಲ್ಲಿ ಆ ಅಂಕಿಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಚದರ ಮೀಟರಿನ ಲೆಕ್ಕಕ್ಕೆ ತಿರುಗಿಸಿದಾಗ ಬಹಳ ಹತ್ತಿರ ಬಂದವು. ಅಂದಿನಿಂದ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಈ ಲೆಕ್ಕ ನೆಲೆಯೂರಿತು.

ಹಾಗಾದರೆ ಮಗುವಿನ ಮೈಯನ್ನು ಅಳೆಯುವುದು ಹೇಗೆ? 1916ರಲ್ಲಿ ಡು ಬೋಯ್ ಎಂಬ ಇಬ್ಬರು ಸಂಶೋಧಕರು ಕೆಲವೇ ಜನರ ಮೈಗೆ ಕಾಗದದ ಅಚ್ಚು ಕಟ್ಟಿ, ಅದನ್ನು ಕತ್ತರಿಸಿ, ಹರಡಿ ಅಳೆದು, ಎತ್ತರ ತೂಕಗಳಿಂದ ವಿಸ್ತೀರ್ಣವನ್ನು ಕಂಡುಹಿಡಿಯುವ ಸೂತ್ರ ರಚಿಸಿದರು. ಅದು ಸರಿಯಾದದ್ದೇ, ಆದರೆ ರೋಗಿಯ ಹಾಸಿಗೆಯ ಬಳಿ ನಿಂತು ಮಾಡುವ ಲೆಕ್ಕವಲ್ಲ. 1987ರಲ್ಲಿ ಮೋಸ್ಟೆಲರ್ ಎಂಬುವರು ಅದನ್ನು ಹಗುರಗೊಳಿಸಿದರು. ಸೆಂಟಿಮೀಟರಿನಲ್ಲಿ ಎತ್ತರ, ಕಿಲೋಗ್ರಾಮಿನಲ್ಲಿ ತೂಕ. ಎರಡನ್ನೂ ಗುಣಿಸಿ, 3600ರಿಂದ ಭಾಗಿಸಿ, ಬಂದದ್ದರ ವರ್ಗಮೂಲ ತೆಗೆದರೆ ಚದರ ಮೀಟರು ಸಿಕ್ಕಿತು.

ಒಂದು ಉದಾಹರಣೆ ನೋಡೋಣ. ಆರು ವರ್ಷದ ಹುಡುಗಿ. ಎತ್ತರ 115 ಸೆಂಟಿಮೀಟರು, ತೂಕ 20 ಕಿಲೋ. ಗುಣಿಸಿದರೆ 2300. ಅದನ್ನು 3600ರಿಂದ ಭಾಗಿಸಿದರೆ 0.64, ಅದರ ವರ್ಗಮೂಲ 0.80. ರಕ್ತದ ಕ್ಯಾನ್ಸರಿನ ಕೊನೆಯ ದೀರ್ಘ ಹಂತದಲ್ಲಿ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯನ್ನು ಚದರ ಮೀಟರಿಗೆ 20 ಮಿಲಿಗ್ರಾಮಿನಂತೆ ವಾರಕ್ಕೊಮ್ಮೆ ಕೊಡುವುದು ರೂಢಿ. ಈ ಹುಡುಗಿಗೆ 16 ಮಿಲಿಗ್ರಾಂ. ಮಾತ್ರೆ ಎರಡೂವರೆ ಮಿಲಿಗ್ರಾಮಿನದಾದರೆ ಆರೂವರೆ ಮಾತ್ರೆಯಾಗುತ್ತದೆ.

ಇದನ್ನೇ ತೂಕದಿಂದ ಲೆಕ್ಕ ಹಾಕಿದ್ದರೆ? 60 ಕಿಲೋ ತೂಕದ, 165 ಸೆಂಟಿಮೀಟರ್ ಎತ್ತರದ ವಯಸ್ಕನ ಮೈ 1.66 ಚದರ ಮೀಟರು. ಅವನಿಗೆ 33 ಮಿಲಿಗ್ರಾಂ ಸಲ್ಲುತ್ತದೆ. ಹುಡುಗಿ ಅವನ ತೂಕದ ಮೂರನೆಯ ಒಂದು ಭಾಗವಾದ್ದರಿಂದ 11 ಮಿಲಿಗ್ರಾಂ ಎಂದುಬಿಡುತ್ತಿದ್ದೆವು. ಹದಿನಾರಕ್ಕೆ ಹನ್ನೊಂದು! ಈ ಕೊರತೆ ಕಣ್ಣಿಗೆ ಬೀಳುವಂಥದಲ್ಲ. ಮಗು ಚೆನ್ನಾಗಿಯೇ ಆಡಿಕೊಂಡಿರುತ್ತದೆ. ಮದ್ದಿನ ಏಟು ತಪ್ಪಿಸಿಕೊಂಡ ಜೀವಕೋಶಗಳು ಮಾತ್ರ ಒಳಗೇ ಉಳಿದು, ತಿಂಗಳುಗಳ ಮೇಲೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚುತ್ತದೆ. ಪ್ರಮಾಣ ಮೀರಿದರೆ ಬಾಯಿ ಹುಣ್ಣಾಗುತ್ತದೆ, ಬಿಳಿ ರಕ್ತಕಣಗಳು ಕುಸಿದು ಸಾಮಾನ್ಯ ಸೋಂಕೂ ಪ್ರಾಣಕ್ಕೆ ಎರವಾಗಬಹುದು. ಗುಣಪಡಿಸುವ ಪ್ರಮಾಣಕ್ಕೂ ಕೆಡಿಸುವ ಪ್ರಮಾಣಕ್ಕೂ ನಡುವಿನ ಓಣಿ ಇಷ್ಟು ಕಿರಿದಾಗಿರುವ ಮದ್ದುಗಳಿಗೇ ಈ ಲೆಕ್ಕದ ಶ್ರಮ ಸಾರ್ಥಕ. ಜ್ವರದ ಪ್ಯಾರಸಿಟಮಾಲ್‌ಗೆ ಆ ಓಣಿ ಸಾಕಷ್ಟು ಅಗಲ. ಅಲ್ಲಿ ತೂಕದ ಲೆಕ್ಕವೇ ಸಾಕು, ಸುಲಭ.

ಆದರೆ ಈ ಅಳತೆಗೂ ಒಂದು ಗಡಿಯಿದೆ, ಅದು ಹಸುಗೂಸುಗಳಲ್ಲಿ ಕಾಣುತ್ತದೆ. ಆರು ಕಿಲೋ ತೂಕದ, 62 ಸೆಂಟಿಮೀಟರ್ ಉದ್ದದ ಕೂಸಿನ ಮೈ 0.32 ಚದರ ಮೀಟರು. ವಿನ್‌ಕ್ರಿಸ್ಟಿನ್ ಎಂಬ ಚುಚ್ಚುಮದ್ದನ್ನು ಚದರ ಮೀಟರಿಗೆ ಒಂದೂವರೆ ಮಿಲಿಗ್ರಾಮಿನಂತೆ ಕೊಟ್ಟರೆ 0.48 ಮಿಲಿಗ್ರಾಂ ಆಗುತ್ತದೆ. ಸೂತ್ರ ಸರಿ, ಗುಣಾಕಾರ ಸರಿ. ಉತ್ತರ ಮಾತ್ರ ಅಪಾಯಕರ. ಏಕೆಂದರೆ ಕೂಸಿನ ಮೈ ವಿಶಾಲವೆಂದು ಹೇಳುವ ಸೂತ್ರಕ್ಕೆ, ಅದರ ಪಿತ್ತಕೋಶ ಮೂತ್ರಪಿಂಡಗಳು ಇನ್ನೂ ಎಳೆಯವೆಂಬುದು ತಿಳಿಯದು. ಮೂತ್ರಪಿಂಡದ ಸೋಸುವ ಶಕ್ತಿ ವಿಸ್ತೀರ್ಣದ ಲೆಕ್ಕದಲ್ಲಿ ದೊಡ್ಡವರ ಮಟ್ಟ ಮುಟ್ಟಲು ಒಂದೆರಡು ವರ್ಷ ಬೇಕು. ವಿನ್‌ಕ್ರಿಸ್ಟಿನ್ ಹೆಚ್ಚಾದರೆ ನರಗಳು ಸೊರಗಿ, ಮಲಬದ್ಧತೆ, ದವಡೆನೋವು, ಪಾದ ಜೋತುಬೀಳುವುದು ಇವೆಲ್ಲ ಕಾಣುತ್ತವೆ. ಹೀಗಾಗಿ ಹತ್ತು ಕಿಲೋ ಮೀರದ ಕೂಸುಗಳಿಗೆ ನಾವು ಮತ್ತೆ ತೂಕಕ್ಕೇ ಮರಳುತ್ತೇವೆ. ಮೂವತ್ತು ಕಿಲೋದ ಮಗುವಿನ ಮೈ ಸುಮಾರು ಒಂದು ಚದರ ಮೀಟರು. ಆದ್ದರಿಂದ ಚದರ ಮೀಟರಿನ ಪ್ರಮಾಣವನ್ನು ಮೂವತ್ತರಿಂದ ಭಾಗಿಸಿದರೆ ಕಿಲೋಗೆ 0.05 ಮಿಲಿಗ್ರಾಂ ಬರುತ್ತದೆ. ನಮ್ಮ ಕೂಸಿಗೆ ಅದು 0.30. ಮೊದಲಿನ ಉತ್ತರಕ್ಕಿಂತ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಕಡಿಮೆ!

ತೂಕವೂ ಬೇಡ, ವಿಸ್ತೀರ್ಣವೂ ಬೇಡ ಎನ್ನುವ ಸಂದರ್ಭವೂ ಒಂದಿದೆ. ಅದೇ ಮೆಥೊಟ್ರೆಕ್ಸೇಟನ್ನು ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಚುಚ್ಚುವಾಗ ನಾವು ಮಗುವಿನ ವಯಸ್ಸು ಕೇಳುತ್ತೇವೆ. ಮಗುವಿನ ಮೈ ನಿಧಾನವಾಗಿ ಬೆಳೆದರೂ ಮಿದುಳು ಅವಸರದಲ್ಲಿ ಬೆಳೆಯುತ್ತದೆ. ಮೂರು ವರ್ಷ ತುಂಬುವ ಹೊತ್ತಿಗೆ ಆ ದ್ರವದ ಪರಿಮಾಣ ಹೆಚ್ಚುಕಡಿಮೆ ದೊಡ್ಡವರದರಷ್ಟೇ ಆಗಿರುತ್ತದೆ. ಮೊದಲು ಅದನ್ನೂ ಚದರ ಮೀಟರಿಗೆ 12 ಮಿಲಿಗ್ರಾಮಿನಂತೆ ಕೊಡುತ್ತಿದ್ದರು. 0.6 ಚದರ ಮೀಟರಿನ ಮೂರು ವರ್ಷದ ಮಗುವಿಗೆ ಏಳು ಮಿಲಿಗ್ರಾಮಿನಷ್ಟೇ ಸಿಗುತ್ತಿತ್ತು. ಈಗ ಮೂರು ದಾಟಿದ ಎಲ್ಲರಿಗೂ 12 ಮಿಲಿಗ್ರಾಂ ಕೊಡುವುದು ರೂಢಿಯಾಗಿದೆ. ಮದ್ದು ಯಾವ ಪಾತ್ರೆಯಲ್ಲಿ ಬೆರೆಯುತ್ತದೆಯೋ ಆ ಪಾತ್ರೆಯನ್ನೇ ಅಳೆಯಬೇಕು.

ಇನ್ನು ತಪ್ಪುಗಳ ಮಾತು. ವರ್ಗಮೂಲದ ಗುಣವೊಂದಿದೆ: ತೂಕದಲ್ಲಿ ನೂರಕ್ಕೆ ಹತ್ತರ ತಪ್ಪಾದರೆ ವಿಸ್ತೀರ್ಣದಲ್ಲಿ ಸುಮಾರು ಐದರ ತಪ್ಪಷ್ಟೇ ಆಗುತ್ತದೆ. ಸ್ಟೀರಾಯ್ಡ್ ಮಾತ್ರೆಯಿಂದ ಹಸಿವು ಹೆಚ್ಚಿ ನಮ್ಮ ಹುಡುಗಿ 23 ಕಿಲೋಗೆ ಏರಿದಳೆನ್ನಿ. ತೂಕ ಶೇಕಡಾ 15 ಹೆಚ್ಚಿದರೂ ವಿಸ್ತೀರ್ಣ 0.86 ಮಾತ್ರ ಆಗುತ್ತದೆ, ಶೇಕಡಾ ಏಳರ ಏರಿಕೆ. ಆದರೆ ಎತ್ತರವನ್ನು ಅಂಗುಲದಲ್ಲಿ ಬರೆದುಬಿಟ್ಟರೆ ಈ ಉದಾರತೆ ನೆರವಿಗೆ ಬಾರದು. 115 ಸೆಂಟಿಮೀಟರಿನ ಜಾಗದಲ್ಲಿ 45 ಎಂದು ಬಿದ್ದರೆ ವಿಸ್ತೀರ್ಣ 0.50ಕ್ಕೆ ಇಳಿದು, ಮದ್ದು ಹತ್ತು ಮಿಲಿಗ್ರಾಂ ಆಗುತ್ತದೆ. ಇದನ್ನು ಹಿಡಿಯಲು ಎತ್ತರವೇ ಬೇಡದ ಇನ್ನೊಂದು ಲೆಕ್ಕವಿದೆ. ತೂಕವನ್ನು ನಾಲ್ಕರಿಂದ ಗುಣಿಸಿ ಏಳು ಕೂಡಿಸಿ. ಅದನ್ನು, ತೂಕಕ್ಕೆ ತೊಂಬತ್ತು ಕೂಡಿಸಿ ಬಂದ ಸಂಖ್ಯೆಯಿಂದ ಭಾಗಿಸಿ. ಇಪ್ಪತ್ತು ಕಿಲೋಗೆ 87ನ್ನು 110ರಿಂದ ಭಾಗಿಸಿದರೆ 0.79. ಎರಡು ದಾರಿಯ ಉತ್ತರಗಳು ಹೀಗೆ ಹತ್ತಿರವಿರಬೇಕು. ದೂರವಾದರೆ ಮಗುವನ್ನು ಮತ್ತೆ ಅಳತೆಪಟ್ಟಿಯ ಮುಂದೆ ನಿಲ್ಲಿಸಬೇಕು.

ಸೂತ್ರ ಕೊಡುವುದು ಆರಂಭದ ಪ್ರಮಾಣವನ್ನು ಮಾತ್ರ. ಒಂದೇ ವಿಸ್ತೀರ್ಣದ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಹುಟ್ಟಿನಿಂದಲೇ ಮರ್ಕ್ಯಾಪ್ಟೊಪ್ಯೂರಿನ್ ಎಂಬ ಮದ್ದನ್ನು ಕಳೆಯುವ ಶಕ್ತಿ ಕಡಿಮೆಯಿರಬಹುದು. ಅದು ಅಳತೆಪಟ್ಟಿಗೆ ಕಾಣುವುದಿಲ್ಲ, ರಕ್ತಪರೀಕ್ಷೆಗೆ ಕಾಣುತ್ತದೆ. ಅದಕ್ಕಾಗಿಯೇ ಬಿಳಿ ರಕ್ತಕಣಗಳ ಎಣಿಕೆ ನೋಡಿ ನಾವು ಮದ್ದನ್ನು ಏರಿಸುತ್ತೇವೆ, ಇಳಿಸುತ್ತೇವೆ, ಕೆಲವು ದಿನ ನಿಲ್ಲಿಸುತ್ತೇವೆ.

ಆದ್ದರಿಂದ, ಇಂಥ ಚಿಕಿತ್ಸೆಯಲ್ಲಿರುವ ಮಗುವಿನ ಮನೆಯವರಲ್ಲಿ ನನ್ನ ಬಿನ್ನಹ ಇಷ್ಟು. ಬಂದಾಗಲೆಲ್ಲ ತೂಕ ಎತ್ತರ ಎರಡನ್ನೂ ಚಪ್ಪಲಿ ಕಳಚಿ ನೋಡಿಸಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಹೋದ ಸಲಕ್ಕಿಂತ ಮಾತ್ರೆಗಳ ಸಂಖ್ಯೆ ಬಹಳ ಬದಲಾಗಿದ್ದರೆ ಕಾರಣ ಕೇಳಿ. ಕೇಳಿದರೆ ಯಾವ ವೈದ್ಯನೂ ಬೇಸರಪಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಮೆಥೊಟ್ರೆಕ್ಸೇಟ್ ವಾರಕ್ಕೊಂದು ದಿನದ ಮದ್ದು. ಯಾವ ವಾರವೆಂದು ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಬರೆಸಿಕೊಳ್ಳಿ. ಆರೂವರೆ ಮಾತ್ರೆಯನ್ನು ದಿನವೂ ನುಂಗಿಸಿದರೆ, ವರ್ಗಮೂಲ ಎಷ್ಟು ಸರಿಯಾಗಿದ್ದರೂ ಮಗುವನ್ನು ಉಳಿಸಲಾರದು.