ಅಪ್‌ಡೇಟ್ ಆಗದ ಹಳೇ ಕಂಪ್ಯೂಟರ್: ಸಣ್ಣ ಅಂಗಡಿಗೆ ಒಂದು ಪುಟದ ನಿಯಮ

ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿರುವಂಥ ಒಂದು ಬೋರ್ಡ್ ಮಾಡುವ ಅಂಗಡಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮಾಲೀಕರು ಕರಾವಳಿಯವರು, ಕೆಲಸಕ್ಕೆ ಆರು ಜನ, ಕಂಪ್ಯೂಟರ್ ನಾಲ್ಕು. ಡಿಸೈನ್ ಮಾಡುವುದು ಮತ್ತು ಬಿಲ್ಲಿಂಗ್ ಎರಡೂ ವಿಂಡೋಸ್ 11. ಮಾಲೀಕರ ಮೇಜಿನ ಮೇಲಿರುವುದು ವಿಂಡೋಸ್ 10. ನಾಲ್ಕನೆಯದು ಶೆಡ್ಡಿನ ಮೂಲೆಯಲ್ಲಿ ಅಕ್ರಿಲಿಕ್ ಮತ್ತು ಎಂಡಿಎಫ್ ಕತ್ತರಿಸುವ ಸಿಎನ್‌ಸಿ ರೂಟರ್‌ಗೆ ಜೋಡಿಸಿದ್ದು. ಅದರಲ್ಲಿ ಇವತ್ತಿಗೂ ವಿಂಡೋಸ್ 7.

ಆ ನಾಲ್ಕನೆಯದರ ಬಗ್ಗೆ ಯಾರಾದರೂ ಕೇಳಿದರೆ ಮಾಲೀಕರದ್ದು ಒಂದೇ ಉತ್ತರ: "ಮಿಷನ್ ಚಂದ ಓಡ್ತಾ ಉಂಟಲ್ಲ ಮಾರಾಯ, ಅದನ್ನ ಮುಟ್ಲಿಕ್ಕೆ ಹೋಗ್ಬೇಡ." ಇದರಲ್ಲಿ ತಪ್ಪೇನೂ ಇಲ್ಲ. ಕಟಿಂಗ್ ಮಿಷನ್‌ಗೆ ಆಜ್ಞೆ ಹೋಗುವುದು ಹಿಂದಿನ ಕಾಲದ ಪ್ಯಾರಲಲ್ ಪೋರ್ಟ್ ಮೂಲಕ. ಅದರ ಡ್ರೈವರ್ 32 ಬಿಟ್ ವಿಂಡೋಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತದೆ. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಹಾಗಾಗಿ ಹೊಸ ವಿಂಡೋಸ್ ಹಾಕಿದ ದಿನ ಮಿಷನ್ ಮೂಕವಾಗುತ್ತದೆ. ವಿಂಡೋಸ್ 7ಕ್ಕೆ ಎಲ್ಲರಿಗೂ ಉಚಿತವಾಗಿ ಸಿಗುತ್ತಿದ್ದ ಭದ್ರತಾ ಪ್ಯಾಚ್‌ಗಳು, ಅಂದರೆ ಸಾಫ್ಟ್‌ವೇರಿನ ತೂತು ಮುಚ್ಚುವ ತೇಪೆಗಳು, 2020ರ ಜನವರಿ 14ಕ್ಕೆ ನಿಂತವು. ಆಮೇಲೆ ಪತ್ತೆಯಾದ ತೂತುಗಳೆಲ್ಲ ಅದರಲ್ಲಿ ತೆರೆದೇ ಇವೆ.

ಸಮಸ್ಯೆ ಆ ಕಂಪ್ಯೂಟರ್ ಹಳೆಯದು ಎಂಬುದಲ್ಲ, ಉಳಿದವುಗಳ ಜತೆ ಒಂದೇ ವೈಫೈನಲ್ಲಿ ಕೂತಿದೆ ಎಂಬುದು. 2017ರ ವನ್ನಾಕ್ರೈ ದಾಳಿ ಇದನ್ನು ಚೆನ್ನಾಗಿ ತೋರಿಸಿತು. ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೆ ತೇಪೆ ಕೊಟ್ಟಿತ್ತು, ದಾಳಿ ಶುರುವಾದದ್ದು ಮೇ 12ಕ್ಕೆ. ನಡುವೆ ಸುಮಾರು ಎರಡು ತಿಂಗಳು ಸಮಯವಿತ್ತು. ತೇಪೆ ಹಾಕದ ಕಂಪ್ಯೂಟರ್‌ಗೆ ಅದು ಫೈಲ್ ಹಂಚಿಕೊಳ್ಳುವ ಹಳೆಯ ವ್ಯವಸ್ಥೆಯ ಮೂಲಕ ತಾನಾಗಿಯೇ ನುಗ್ಗಿತು, ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ. ಒಂದೇ ನೆಟ್‌ವರ್ಕಿನಲ್ಲಿದ್ದರೆ ಸಾಕಿತ್ತು. ಹೆಚ್ಚು ಪೆಟ್ಟು ತಿಂದದ್ದು ವಿಂಡೋಸ್ 7 ಕಂಪ್ಯೂಟರ್‌ಗಳೇ.

ಅಂಗಡಿಯಲ್ಲಿ ಹಾಗಾದರೆ ಕಟಿಂಗ್ ಒಂದೇ ನಿಲ್ಲುವುದಿಲ್ಲ. ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ವ್ಯಾಟ್ ಲೆಕ್ಕ ಇದೆ, ಡಬ್ಲ್ಯೂಪಿಎಸ್ ಮೂಲಕ ಸಂಬಳ ಹೋಗಲು ತಿಂಗಳಿಗೊಮ್ಮೆ ತಯಾರಿಸುವ ಫೈಲ್ ಇದೆ. ಅದು ಲಾಕ್ ಆದರೆ ಆರು ಮನೆಗಳಿಗೆ ಊರಿಗೆ ಹೋಗುವ ಹಣ ತಡವಾಗುತ್ತದೆ.

ಐಟಿ ವಿಭಾಗವಿಲ್ಲದ ಇಂಥ ಕಡೆ ದೊಡ್ಡ ಕಂಪನಿಯ ನಲವತ್ತು ಪುಟದ ಪಾಲಿಸಿ ಉಪಯೋಗಕ್ಕೆ ಬರುವುದಿಲ್ಲ. ಒಂದು ಪುಟ ಸಾಕು, ಗೋಡೆಗೆ ಅಂಟಿಸುವಂತಿರಬೇಕು. ಮೇಲ್ಗಡೆ ಕಂಪ್ಯೂಟರ್‌ಗಳ ಪಟ್ಟಿ: ಯಾವುದು, ಯಾರು ಬಳಸುತ್ತಾರೆ, ಯಾವ ವಿಂಡೋಸ್, ಅಪ್‌ಡೇಟ್ ಆಗುತ್ತದೋ ಇಲ್ಲವೋ. ವಿಂಡೋಸ್ ಯಾವುದೆಂದು ತಿಳಿಯಲು ಸರ್ಚ್ ಜಾಗದಲ್ಲಿ `winver` ಎಂದು ಟೈಪ್ ಮಾಡಿ ಎಂಟರ್ ಒತ್ತಿದರಾಯಿತು. ಪಟ್ಟಿಯಲ್ಲಿ ವೈಫೈ ರೂಟರ್ ಕೂಡ ಇರಲಿ, ಅದನ್ನು ಎಲ್ಲರೂ ಮರೆಯುತ್ತಾರೆ.

ಅಪ್‌ಡೇಟ್ ಆಗುವ ಕಂಪ್ಯೂಟರ್‌ಗಳ ನಿಯಮ ಸರಳ. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ತೇಪೆ ಬಿಡುತ್ತದೆ. ಯುಎಇಯಲ್ಲಿ ಆಗ ರಾತ್ರಿ ಒಂಬತ್ತು-ಹತ್ತು ಗಂಟೆ. ಬುಧವಾರ ಸಂಜೆ ಡಿಸೈನ್ ಕಂಪ್ಯೂಟರ್‌ಗೆ ಮಾತ್ರ ಹಾಕಿ, ಬಿಲ್ಲಿಂಗ್‌ನಲ್ಲಿ `Pause updates` ಒತ್ತಿ ಒಂದು ವಾರ ತಡೆಯುವುದು. ಮೂರು ದಿನ ಪ್ರಿಂಟರ್, ಡಿಸೈನ್ ಸಾಫ್ಟ್‌ವೇರ್ ಸರಿಯಾಗಿ ನಡೆದರೆ ಶನಿವಾರ ಅಂಗಡಿ ಮುಚ್ಚುವ ಮುಂಚೆ ಬಿಲ್ಲಿಂಗ್‌ಗೂ ಹಾಕುವುದು. ಇಷ್ಟು ಎಚ್ಚರಿಕೆಗೆ ಕಾರಣವಿದೆ: 2021ರಲ್ಲಿ ಪ್ರಿಂಟಿಂಗ್‌ಗೆ ಸಂಬಂಧಿಸಿದ ತೇಪೆ ಹಾಕಿದ ಮೇಲೆ ಎಷ್ಟೋ ಕಡೆ ನೆಟ್‌ವರ್ಕ್ ಪ್ರಿಂಟರ್‌ಗಳು ಕೈಕೊಟ್ಟಿದ್ದವು. ಆದರೆ ಆ ತೂತಿನ ಮೂಲಕ ಈಗಾಗಲೇ ದಾಳಿ ನಡೆಯುತ್ತಿದೆ ಎಂಬ ಸುದ್ದಿ ಇದ್ದರೆ ಶನಿವಾರದವರೆಗೆ ಕಾಯಬಾರದು.

ಮಾಲೀಕರ ವಿಂಡೋಸ್ 10ದು ನಡುವಿನ ಪರಿಸ್ಥಿತಿ. ಅದರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವ್ಯಾಪಾರಿಗಳಿಗೆ ಹಣ ಕೊಟ್ಟರೆ ಮೂರು ವರ್ಷದವರೆಗೆ ತೇಪೆ ಸಿಗುತ್ತದೆ: ಒಂದು ಕಂಪ್ಯೂಟರ್‌ಗೆ ಮೊದಲ ವರ್ಷ 61 ಡಾಲರ್, ಆಮೇಲೆ ವರ್ಷ ವರ್ಷ ದುಪ್ಪಟ್ಟು. ಮೂರು ವರ್ಷಕ್ಕೆ ಒಟ್ಟು 427 ಡಾಲರ್. ಹಳೇ ಕಂಪ್ಯೂಟರ್‌ಗೆ ಅಷ್ಟು ಸುರಿಯುವ ಬದಲು ಒಂದು ವರ್ಷದ್ದು ಕೊಂಡು, ಅಷ್ಟರೊಳಗೆ ಬದಲಿಸುವುದೇ ಲೇಸು.

ಇನ್ನು ಶೆಡ್ಡಿನ ಮೂಲೆಯದು. ಇದಕ್ಕೆ ತೇಪೆ ಇಲ್ಲ, ಆದ್ದರಿಂದ ಬೇಲಿ ಹಾಕಬೇಕು. ಮುಟ್ಟುವ ಮುಂಚೆ ಅದರ ಇಡೀ ಡಿಸ್ಕಿನ ಪ್ರತಿಯನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ತೆಗೆದಿಡಬೇಕು. ಕ್ಲೋನೆಜಿಲ್ಲಾ ಎಂಬ ಉಚಿತ ಸಾಫ್ಟ್‌ವೇರ್ ಈ ಕೆಲಸ ಮಾಡುತ್ತದೆ. ಹತ್ತು ವರ್ಷ ಮರದ ಧೂಳು ಕುಡಿದ ಡಿಸ್ಕ್ ವೈರಸ್ ಬರುವ ಮುಂಚೆಯೇ ಸಾಯಬಹುದು, ಆಗಲೂ ಈ ಪ್ರತಿಯೇ ಗತಿ. ಆಮೇಲೆ ನೆಟ್‌ವರ್ಕ್ ಕೇಬಲ್ ಕೀಳಬೇಕು, ವೈಫೈ ಡಾಂಗಲ್ ಇದ್ದರೆ ತೆಗೆದು ಮಾಲೀಕರ ಡ್ರಾಯರಿಗೆ ಹಾಕಬೇಕು.

ಬೇಲಿ ಮುರಿಯುವವರು ಹೊರಗಿನವರಲ್ಲ. ಮಧ್ಯಾಹ್ನ ಹಾಡು ಕೇಳಲೆಂದು ಒಬ್ಬರು ಮೊಬೈಲನ್ನು ಕೇಬಲ್‌ನಲ್ಲಿ ಜೋಡಿಸಿ ಹಾಟ್‌ಸ್ಪಾಟ್ ಕೊಡುತ್ತಾರೆ. ಸರ್ವೀಸ್‌ನವನು "ಐದೇ ನಿಮಿಷ, ನೆಟ್ ಕೊಡಿ, ಇಲ್ಲಿಂದಲೇ ನೋಡ್ತೇನೆ" ಅನ್ನುತ್ತಾನೆ, ಹಾಕಿದ ಕೇಬಲ್ ವಾರಗಟ್ಟಲೆ ಹಾಗೇ ಇರುತ್ತದೆ. ಆದ್ದರಿಂದ ಶನಿವಾರ ಅಲ್ಲೂ ಒಮ್ಮೆ ಕಮಾಂಡ್ ಪ್ರಾಂಪ್ಟ್ ತೆರೆದು ನೋಡಬೇಕು:

```
ipconfig
```

`Media disconnected` ಎಂದು ಬಂದರೆ ಅಥವಾ ಏನೂ ಬರದಿದ್ದರೆ ಸರಿ. `IPv4 Address` ಎಂಬ ಸಾಲಿನಲ್ಲಿ ನಂಬರ್ ಕಂಡರೆ ಎಲ್ಲೋ ಸಂಪರ್ಕವಿದೆ ಎಂದರ್ಥ. ಹುಡುಕಿ ಕೀಳಬೇಕು.

ಕೇಬಲ್ ಇಲ್ಲದಿದ್ದರೆ ಡಿಸೈನ್ ಫೈಲ್ ಹೋಗುವುದು ಹೇಗೆ? ಪೆನ್‌ಡ್ರೈವಿನಲ್ಲಿ. ಹಾಗಾಗಿ ಉಳಿಯುವ ಬಾಗಿಲು ಅದೊಂದೇ, ಪುಟದಲ್ಲಿ ಹೆಚ್ಚು ಜಾಗ ಸಿಗಬೇಕಾದದ್ದೂ ಅದಕ್ಕೇ. ಕೆಂಪು ಟೇಪ್ ಸುತ್ತಿದ ಒಂದೇ ಪೆನ್‌ಡ್ರೈವ್ ಇರಲಿ. ಅದು ಡಿಸೈನ್ ಕಂಪ್ಯೂಟರ್ ಮತ್ತು ಸಿಎನ್‌ಸಿ ನಡುವೆ ಮಾತ್ರ ಓಡಾಡಲಿ, ಹೋಗುವ ಮುಂಚೆ ಡಿಸೈನ್ ಕಂಪ್ಯೂಟರಿನಲ್ಲಿ ಸ್ಕ್ಯಾನ್ ಆಗಲಿ. ಗಿರಾಕಿ ತಂದ ಪೆನ್‌ಡ್ರೈವ್ ಸಿಎನ್‌ಸಿಗೆ ಯಾವ ಕಾರಣಕ್ಕೂ ಬೇಡ, ಅವರು ಫೈಲನ್ನು ಡಿಸೈನರ್‌ಗೆ ಇಮೇಲ್ ಮಾಡಲಿ. ಇದರಿಂದ ಅಪಾಯ ಪೂರ್ತಿ ಹೋಗುವುದಿಲ್ಲ, ಸ್ಕ್ಯಾನ್ ಎಲ್ಲವನ್ನೂ ಹಿಡಿಯುವುದಿಲ್ಲ. ಆದರೆ ಕೆಟ್ಟರೂ ಒಂದೇ ಕಂಪ್ಯೂಟರ್ ಕೆಡುತ್ತದೆ, ಅದರ ಪ್ರತಿ ಕೈಯಲ್ಲಿರುತ್ತದೆ.

ಪುಟದ ಕೊನೆಗೆ ವಿನಾಯಿತಿ ಹೀಗೆ ಬರೆದರೆ ಸಾಕು: "ಸಿಎನ್‌ಸಿ ಕಂಪ್ಯೂಟರ್‌ಗೆ ಅಪ್‌ಡೇಟ್ ಇಲ್ಲ. ಕಾರಣ: ಪ್ಯಾರಲಲ್ ಪೋರ್ಟ್ ಡ್ರೈವರ್. ನೆಟ್ ಕೊಡಬಾರದು. ಕೆಂಪು ಪೆನ್‌ಡ್ರೈವ್ ಮಾತ್ರ. ಆರು ತಿಂಗಳಿಗೊಮ್ಮೆ ಮರುಪರಿಶೀಲನೆ." ಕೆಳಗೆ ಮಾಲೀಕರ ಸಹಿ ಮತ್ತು ದಿನಾಂಕ. ಸಹಿ ಇದ್ದರೆ ಸರ್ವೀಸ್‌ನವನು ನೆಟ್ ಕೇಳಿದಾಗ ಆಪರೇಟರ್ ಧೈರ್ಯವಾಗಿ "ಅಣ್ಣನನ್ನ ಕೇಳಿ" ಅನ್ನಬಹುದು.

ಜವಾಬ್ದಾರಿಗೆ ಇಬ್ಬರ ಹೆಸರು ಬೇಕು. ಗಲ್ಫಿನ ಸಣ್ಣ ಅಂಗಡಿಗಳಲ್ಲಿ ಕಂಪ್ಯೂಟರ್ ಗೊತ್ತಿರುವವನು ಒಬ್ಬನೇ ಇರುತ್ತಾನೆ, ಅವನು ರಜೆಗೆ ಊರಿಗೆ ಹೋದರೆ ಎರಡು ತಿಂಗಳ ಎರಡನೇ ಮಂಗಳವಾರಗಳು ಹಾಗೇ ಕಳೆದುಹೋಗುತ್ತವೆ. ವಿಮಾನ ಹತ್ತುವ ಮುಂಚೆ ಬಿಲ್ಲಿಂಗ್‌ನವರಿಗೆ ಒಂದು ಸಲ ಮಾಡಿ ತೋರಿಸಿ, ಪಾಸ್‌ವರ್ಡ್‌ಗಳನ್ನು ಮುಚ್ಚಿದ ಲಕೋಟೆಯಲ್ಲಿ ಮಾಲೀಕರಿಗೆ ಕೊಟ್ಟು ಹೋಗಬೇಕು.

ಮರುಪರಿಶೀಲನೆಯ ದಿನ ಕೇಳಬೇಕಾದ ಪ್ರಶ್ನೆ ಒಂದೇ, ಪ್ಯಾರಲಲ್ ಪೋರ್ಟ್ ಇನ್ನೂ ಬೇಕೇ ಎಂದು. ಹಲವು ಸಿಎನ್‌ಸಿಗಳಿಗೆ ಯುಎಸ್‌ಬಿ ಅಥವಾ ನೆಟ್‌ವರ್ಕ್ ಕೇಬಲಿನಲ್ಲಿ ನಡೆಯುವ ಹೊಸ ಕಂಟ್ರೋಲರ್ ಬೋರ್ಡ್ ಹಾಕಬಹುದು, ಆಗ ಮಿಷನ್ ಹಳೆಯದೇ ಇದ್ದು ಕಂಪ್ಯೂಟರ್ ಮಾತ್ರ ಹೊಸದಾಗುತ್ತದೆ. ವೈರಿಂಗ್ ಬದಲಿಸಿ, ಅಳತೆ ಮತ್ತೆ ಹೊಂದಿಸಿ, ತುಂಡು ಹಾಳೆಯಲ್ಲಿ ಕತ್ತರಿಸಿ ನೋಡುವವರೆಗೆ ಮಿಷನ್ ನಿಂತಿರುತ್ತದೆ. ಅದಕ್ಕೆ ಆರ್ಡರ್ ಇಲ್ಲದ ಈದ್ ರಜೆಯನ್ನೇ ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು.