ಮ್ಯಾನೇಜರ್‌ಗೆ ಮೇಲ್: ಸಬ್ಜೆಕ್ಟ್ ಹೇಗಿರಲಿ, ಸಂಬೋಧನೆ ಹೇಗಿರಲಿ?

[ಪರದೆಯಲ್ಲಿ: ಸಬ್ಜೆಕ್ಟ್ – ರಿಪೋರ್ಟ್]
ಹೊಸ ಇಂಟರ್ನ್ ಮ್ಯಾನೇಜರ್‌ಗೆ ಕಳಿಸಿದ ಮೇಲ್ ಇದು. ಯಾವ ರಿಪೋರ್ಟ್? ಸುಮ್ಮನೆ ಓದಬೇಕಾ, ಒಪ್ಪಿಗೆ ಕೊಡಬೇಕಾ? ಯಾವಾಗ? ಮೇಲ್ ತೆರೆಯದೆ ಅವರಿಗೆ ಗೊತ್ತಾಗಲ್ಲ.

[ಪರದೆಯಲ್ಲಿ: ಒಪ್ಪಿಗೆ ಬೇಕು, ಶುಕ್ರವಾರದೊಳಗೆ – ಜೂನ್ ಮಾರಾಟ ವರದಿ]
ಈಗ ನೋಡಿ. ಅವರು ಮಾಡಬೇಕಾದ ಕೆಲಸ ಮೊದಲು, ಆಮೇಲೆ ಗಡುವು, ಕೊನೆಗೆ ವಿಷಯ. ಫೋನಿನಲ್ಲಿ ಉದ್ದನೆಯ ಸಬ್ಜೆಕ್ಟ್‌ನ ತುದಿ ಕಾಣಿಸಲ್ಲ. ಹಾಗಾಗಿ ಮುಖ್ಯವಾದದ್ದು ಮುಂದೆ ಇರಲಿ. ‘ಅರ್ಜೆಂಟ್’ ಅನ್ನೋ ಬದಲು ದಿನ ಹೇಳಿ. ಹಳೇ ಮೇಲ್‌ಗೆ ರಿಪ್ಲೈ ಒತ್ತಿ ಹೊಸ ವಿಷಯ ಎತ್ತಬೇಡಿ. ಹಳೇ ಸಬ್ಜೆಕ್ಟ್ ಕೆಳಗೆ ಅದು ಯಾರ ಕಣ್ಣಿಗೂ ಬೀಳಲ್ಲ.

[ಪರದೆಯಲ್ಲಿ: ಡಿಯರ್ ಸರ್/ಮೇಡಂ]
ಇನ್ನು ಸಂಬೋಧನೆ. ಹೀಗೆ ಎರಡನ್ನೂ ಹಾಕಿದರೆ, ಯಾರಿಗೆ ಬರೀತಿದ್ದೀರಿ ಅಂತ ನೀವೇ ನೋಡಿಲ್ಲ ಅಂತಾಗುತ್ತೆ. ಸರ್ಕಾರಿ ಕಚೇರಿಗೆ ‘ಮಾನ್ಯರೇ’ ಒಪ್ಪುತ್ತೆ. ಬೆಂಗಳೂರಿನ ಎಷ್ಟೋ ಐಟಿ ಕಂಪನಿಗಳಲ್ಲಿ ಹಿರಿಯರನ್ನೂ ಹೆಸರು ಹಿಡಿದೇ ಕರೀತಾರೆ. ನಿಮ್ಮಲ್ಲಿ ರೂಢಿ ಏನು? ಟೀಮಿನವರು ಮ್ಯಾನೇಜರ್‌ಗೆ ಬರೆದ ಹಳೇ ಮೇಲ್ ನೋಡಿ. ಅದೂ ಸಿಗದಿದ್ದರೆ ಹೆಸರಿನ ಜೊತೆ ‘ಸರ್’ ಅಥವಾ ‘ಮೇಡಂ’ ಸೇರಿಸಿ. ಗಂಡಸೋ ಹೆಂಗಸೋ ತಿಳಿಯದಿದ್ದರೆ ‘ನಮಸ್ಕಾರ’ ಹೇಳಿ ಪೂರ್ತಿ ಹೆಸರು ಬರೆಯಿರಿ. ಹೆಸರಿನ ಸ್ಪೆಲಿಂಗ್ ಮಾತ್ರ ಅವರದೇ ಮೇಲ್ ಸಹಿಯಿಂದ ನೋಡಿಕೊಳ್ಳಿ.