ಬಿಲ್ ಅಲ್ಲ, ಬಂದ ಹಣ
ಬೆಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ ಅಂದುಕೊಳ್ಳಿ. ಎಲ್‌ಯುಟಿ ಕೊಟ್ಟು, ಜಿಎಸ್‌ಟಿ ಕಟ್ಟದೆ ಅಮೆರಿಕಕ್ಕೆ ಸೇವೆ ರಫ್ತು ಮಾಡಿದೆ. ಮೂರು ತಿಂಗಳಲ್ಲಿ ಕಳಿಸಿದ ಬಿಲ್ 50 ಲಕ್ಷ, ಬ್ಯಾಂಕಿಗೆ ಬಂದದ್ದು 40 ಲಕ್ಷ. ದೇಶದೊಳಗಿನ ವಹಿವಾಟು 10 ಲಕ್ಷ.

ರೀಫಂಡ್ ಲೆಕ್ಕಕ್ಕೆ ಯಾವುದನ್ನು ಹಿಡಿಯಬೇಕು? ಹೆಚ್ಚಿನವರು ಎಡವುವುದು ಇಲ್ಲೇ. ಸರಕಿನ ಹಾಗಲ್ಲ, ಸೇವೆಗೆ ನಿಯಮ 89(4) ನೋಡುವುದು ಬಂದ ಹಣವನ್ನು. ಹಾಗಾಗಿ 40. ಒಟ್ಟು ವಹಿವಾಟಿಗೂ ಇದೇ 40, ದೇಶದೊಳಗಿನ 10 ಸೇರಿ 50 ಲಕ್ಷ.

ಇನ್‌ಪುಟ್ ಕ್ರೆಡಿಟ್ 3 ಲಕ್ಷ ಇದೆ. ಅದರಲ್ಲಿ 50 ಸಾವಿರ, ಲೆಕ್ಕಪುಸ್ತಕದಲ್ಲಿ ಆಸ್ತಿಯಾಗಿ ತೋರಿಸಿದ ಲ್ಯಾಪ್‌ಟಾಪ್‌ಗಳದ್ದು. ಬಂಡವಾಳ ಸರಕಿನ ಕ್ರೆಡಿಟ್‌ಗೆ ಈ ರೀಫಂಡ್ ಇಲ್ಲ, ಕಳೆಯಿರಿ.

40 ÷ 50 × 2.5 = 2 ಲಕ್ಷ.

ಕ್ರೆಡಿಟ್ ಲೆಡ್ಜರಿನಲ್ಲಿ ಅಷ್ಟು ಬಾಕಿ ಇದ್ದರೆ RFD-01ರಲ್ಲಿ ಕೇಳಬಹುದಾದ ಮೊತ್ತ ಇದು. ರಫ್ತು ಬಿಲ್‌ನಲ್ಲಿ ಇನ್ನೂ ಬಾರದ 10 ಲಕ್ಷ, ಹಣ ಬಂದ ಅವಧಿಯ ಲೆಕ್ಕಕ್ಕೆ ಸೇರುತ್ತದೆ.